ಮಧ್ಯದಲ್ಲಿಟ್ಟ ಚುಕ್ಕಾಣಿ

ನಮ್ಮ ಸೋದರಮಾವನ ನಿವೃತ್ತಿಗೆ ಇನ್ನು ಹನ್ನೊಂದೇ ದಿನ ಉಳಿದಿತ್ತು. ಮೂವತ್ತನಾಲ್ಕು ವರ್ಷ ಹಡಗಿನ ಚುಕ್ಕಾಣಿ ಹಿಡಿದ ಮನುಷ್ಯ. ಹಡಗಿನಿಂದ ಹಡಗಿಗೆ ಹೋಗುವಾಗ ಕ್ಯಾಪ್ಟನ್‌ಗಳು ಷರಾ ಬರೆಯುವ ನೀಲಿ ರಟ್ಟಿನ ಪುಸ್ತಕವೊಂದು ಇರುತ್ತದೆ. ಅವನ ಪುಸ್ತಕದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ 'ಉತ್ತಮ', 'ಅತ್ಯುತ್ತಮ' ಬಿಟ್ಟು ಬೇರೆ ಮಾತಿರಲಿಲ್ಲ. ಮನೆಗೆ ಯಾರೇ ಬರಲಿ, ಕಾಫಿ ಬರುವ ಮೊದಲೇ ಆ ಪುಸ್ತಕ ಬರುತ್ತಿತ್ತು. ಅಮ್ಮ ತಮ್ಮನನ್ನು ರೇಗಿಸಲು 'ನಿನ್ನ ಜಾತಕ ತಂದ್ಯೇನೋ' ಅನ್ನುತ್ತಿದ್ದಳು.

ಹಡಗಿನವರು ಅವನಿಗೆ ಇಟ್ಟ ಹೆಸರು ಗೂಟ. ಚುಕ್ಕಾಣಿ ತಿರುಗಿಸುವ ಚಕ್ರದ ಮುಂದೆ ನಿಂತನೆಂದರೆ ಅಲ್ಲಾಡುವುದಿಲ್ಲ ಅಂತ. ಹೊಸ ಹಡಗು ಕಟ್ಟಿದಾಗಲೆಲ್ಲ ಸಮುದ್ರ ಪರೀಕ್ಷೆಗೆ ಅವನನ್ನೇ ಕಳಿಸಿ ಎಂದು ಹಡಗುಗಳಿಗೆ ಆಟೋಪೈಲಟ್ ಹೊಂದಿಸಿಕೊಡುವ ನಮ್ಮ ಕಚೇರಿಯೇ ಕೇಳುತ್ತಿತ್ತು. ಅವನು ಹಿಡಿದರೆ ನಮ್ಮ ಅಳತೆಯ ಗೆರೆಗಳೆಲ್ಲ ಬೆಣ್ಣೆಯ ಹಾಗೆ ನುಣ್ಣಗೆ ಬರುತ್ತಿದ್ದವು. ನುಣ್ಣಗಿರುವುದನ್ನು ಕಂಡರೆ ನಾವು ಎಂಜಿನಿಯರುಗಳು ಸುಲಭವಾಗಿ ಮೋಸ ಹೋಗುತ್ತೇವೆ. ಇದು ನನಗೆ ಆಮೇಲೆ ಬಂದ ಬುದ್ಧಿ.

ನನ್ನ ಕೆಲಸ ಆಟೋಪೈಲಟ್‌ಗೆ, ಎಂದರೆ ಮನುಷ್ಯನ ಬದಲು ತಾನೇ ಚುಕ್ಕಾಣಿ ನಡೆಸುವ ಯಂತ್ರಕ್ಕೆ, ಅಂಕಿಗಳನ್ನು ಕೊಡುವುದು. ಹಡಗು ಕಾರಿನಂತಲ್ಲ. ಚುಕ್ಕಾಣಿ ತಿರುಗಿಸಿದರೆ ಹಡಗಿನ ದಿಕ್ಕು ಆ ಕ್ಷಣಕ್ಕೆ ಬದಲಾಗುವುದಿಲ್ಲ. ಮೊದಲು ತಿರುಗುವ ವೇಗ ಹುಟ್ಟಬೇಕು, ಅದೂ ತಡವಾಗಿ, ಸೋಮಾರಿಯ ಹಾಗೆ. ಆ ವೇಗ ಕ್ಷಣಕ್ಷಣಕ್ಕೂ ಕೂಡುತ್ತಾ ಹೋಗಿ ದಿಕ್ಕಾಗುತ್ತದೆ, ನಲ್ಲಿಯ ನೀರು ಬಿಂದಿಗೆಯಲ್ಲಿ ಏರುವ ಹಾಗೆ. ನಲ್ಲಿ ನಿಲ್ಲಿಸಿದರೂ ಬಿಂದಿಗೆಯ ನೀರು ಇಳಿಯುವುದಿಲ್ಲ ತಾನೇ, ಚುಕ್ಕಾಣಿ ಮಧ್ಯಕ್ಕೆ ತಂದರೂ ಹಡಗು ಹಳೆಯ ದಿಕ್ಕಿಗೆ ತಾನಾಗಿ ಮರಳುವುದಿಲ್ಲ. ಈ ಇಡೀ ಸ್ವಭಾವವನ್ನು ನಾವು ಎರಡೇ ಅಂಕಿಯಲ್ಲಿ ಹಿಡಿಯುತ್ತೇವೆ. ಒಂದು ಬಲ: ಚುಕ್ಕಾಣಿಯ ಒಂದೊಂದು ಡಿಗ್ರಿಗೆ ಕೊನೆಗೆ ಎಷ್ಟು ತಿರುಗುವ ವೇಗ ಸಿಗುತ್ತದೆ ಎಂಬುದು. ಇನ್ನೊಂದು ತಡ: ಆ ವೇಗ ಹುಟ್ಟಲು, ಮತ್ತೆ ಸಾಯಲು, ಎಷ್ಟು ಹೊತ್ತು ಬೇಕು ಎಂಬುದು. ಈ ಹಡಗಿಗೆ ನಾನು ಕಂಡುಹಿಡಿದ ತಡ ನೂರು ಸೆಕೆಂಡು. ದಪ್ಪ ಹೊಟ್ಟೆಯ ಅದಿರು ಹಡಗು, ನೂರು ಸೆಕೆಂಡು ಅಂದರೆ ಸಾಧು ಪ್ರಾಣಿ, ಬಿಟ್ಟರೆ ತಿರುಗುವುದನ್ನು ತಾನೇ ನಿಲ್ಲಿಸುವಂಥದ್ದು.

ಆಟೋಪೈಲಟ್ ಚುಕ್ಕಾಣಿಗೆ ಎರಡು ಲೆಕ್ಕದಿಂದ ಅಪ್ಪಣೆ ಕೊಡುತ್ತದೆ. ಹಡಗು ಎಷ್ಟು ದಿಕ್ಕು ತಪ್ಪಿದೆ, ಮತ್ತು ಎಷ್ಟು ವೇಗವಾಗಿ ತಪ್ಪುತ್ತಿದೆ. ಎರಡನೆಯದು ಲಗಾಮು. ಅದು ಜಾಸ್ತಿಯಾದರೆ ಅಲೆ ಬಡಿದಾಗಲೆಲ್ಲ ಚುಕ್ಕಾಣಿ ಗಡಗಡ ಆಡಿ ಯಂತ್ರ ಸವೆಯುತ್ತದೆ. ಸಾಧು ಪ್ರಾಣಿಗೆ ಬಿಗಿ ಲಗಾಮು ಯಾಕೆ ಎಂದು ಏಳು ಇಟ್ಟಿದ್ದೆ. ಏಳು ಸಾಕು ಎಂದು ಕಂಪ್ಯೂಟರ್ ಪರದೆಯ ಮೇಲಿನ ಲೆಕ್ಕದ ಹಡಗು ಹತ್ತು ಸಲ ಹೇಳಿತ್ತು.

ಆ ದಿನ ಬೆಳಿಗ್ಗೆ, ಮೊದಲ ಬಾರಿಗೆ ಹೊಟ್ಟೆ ತುಂಬ ಅದಿರು ತುಂಬಿಕೊಂಡು, ನಾವು ಬಂದರಿನ ಹೊರಗೆ ತೆರೆದ ನೀರಿಗೆ ಬಂದೆವು. ಸಮುದ್ರ ತಟ್ಟೆಯ ಹಾಗೆ ಸಮ. ಬ್ರಿಜ್, ಎಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ಕ್ಯಾಪ್ಟನ್, ಅವರ ಕೈಕೆಳಗಿನ ಅಧಿಕಾರಿ ಒಬ್ಬ ಮೇಟ್, ಮಾವ, ನಾನು. ಕ್ಯಾಪ್ಟನ್ ಮಾವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಅವನನ್ನು ಯಜಮಾನ್ರೇ ಎಂದೇ ಕರೆಯುತ್ತಿದ್ದರು.

"ಯಜಮಾನ್ರೇ, ಕೈ ಬಿಡಿ. ನಿಮ್ಮ ಸೊಸೆ ಯಂತ್ರ ಏನು ಮಾಡುತ್ತೆ ನೋಡೋಣ."

ಮಾವ ಚಕ್ರದಿಂದ ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. "ನನ್ನ ಹೊಟ್ಟೆ ಮೇಲೆ ಹೊಡೆಯೋ ಯಂತ್ರ. ಅದನ್ನೂ ಮನೆ ಮಗಳೇ ಮಾಡ್ಬೇಕು," ಎಂದು ಮೇಟ್‌ಗೆ ಕಣ್ಣು ಹೊಡೆದ.

ಮೊದಲು ಹಡಗು ಬಲಕ್ಕೆ ಎರಡು ಡಿಗ್ರಿ ಜರುಗಿತು. ಇರಲಿ, ಸರಿಹೋಗುತ್ತದೆ. ಚುಕ್ಕಾಣಿ ಎಡಕ್ಕೆ ಹೋಯಿತು, ಹಡಗು ಮರಳಿತು, ಗುರಿ ದಾಟಿ ಎಡಕ್ಕೆ ಮೂರು ಡಿಗ್ರಿ ಹೋಯಿತು. ಎರಡೂವರೆ ನಿಮಿಷದ ನಂತರ ಬಲಕ್ಕೆ ಐದು. ನಾನು ಪರದೆಗೆ ಮೂಗು ತಾಗುವಷ್ಟು ಬಗ್ಗಿದೆ. ಉಯ್ಯಾಲೆ ಸಣ್ಣದಾಗಬೇಕಿತ್ತು. ನನ್ನ ಲೆಕ್ಕದಲ್ಲಿ ಎರಡನೇ ತೂಗಿಗೇ ಸತ್ತುಹೋಗಬೇಕಿತ್ತು.

"ಮೇಡಂ?" ಎಂದರು ಕ್ಯಾಪ್ಟನ್.

"ಇನ್ನೊಂದು ಸ್ವಲ್ಪ ನೋಡೋಣ ಸಾರ್. ಅಡ್ಡ ಪ್ರವಾಹ ಇರಬಹುದು."

ಅಡ್ಡ ಪ್ರವಾಹವೂ ಇರಲಿಲ್ಲ, ಉದ್ದ ಪ್ರವಾಹವೂ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಎಡಕ್ಕೆ ಎಂಟು. ಎಂಬತ್ತು ಸಾವಿರ ಟನ್ನಿನ ಹಡಗು ಕುಡುಕನ ಹಾಗೆ ತೂರಾಡುತ್ತಿತ್ತು. ಬಲಕ್ಕೆ ಮತ್ತೆ ಹೊರಟಾಗ, ಒಂದು ಮೈಲಿ ಆಚೆ ಸರಕಿನ ಬಾರ್ಜ್ ಎಳೆದುಕೊಂಡು ಬರುತ್ತಿದ್ದ ಟಗ್ ದೋಣಿ ನಮ್ಮ ಮೂತಿಯ ನೇರಕ್ಕೆ ಬಂತು. ಹನ್ನೆರಡು, ಹದಿಮೂರು.

"ಕೈಗೆ ತಗೊಳ್ಳಿ ಯಜಮಾನ್ರೇ."

ಮಾವ ಚಕ್ರ ಹಿಡಿದ. ಅವಸರವಿಲ್ಲ, ಗಾಬರಿಯಿಲ್ಲ. ಹಡಗು ಗುರಿಯ ಕಡೆ ಮರಳಲು ಶುರುವಾದ ಕೂಡಲೇ, ಇನ್ನೂ ಗುರಿ ಬರುವ ಎಷ್ಟೋ ಮೊದಲು, ಅವನ ಕೈ ಎದುರು ದಿಕ್ಕಿಗೆ ಹೋಗಿತ್ತು. ಮೂರು ನಿಮಿಷದಲ್ಲಿ ಹಡಗು ಎಳೆದು ಕಟ್ಟಿದ ದಾರದ ಮೇಲೆ ನಿಂತಿತು. ಟಗ್ ನಮ್ಮ ಎಡಕ್ಕೆ ಹಾದುಹೋಯಿತು. ಅದರ ಡೆಕ್ಕಿನಲ್ಲಿ ಒಬ್ಬ ನಮ್ಮತ್ತ ಕೈ ಮಾಡಿ ಏನೋ ಬೈಯುತ್ತಿದ್ದ.

"ನೋಡಿದ್ಯೇನೇ ಹುಡುಗಿ," ಎಂದ ಮಾವ, ತಿರುಗದೆಯೇ. "ಹಡಗಲ್ಲಿ ದೋಷ ಇಲ್ಲ. ಮುಟ್ಟೋರ ಕೈಯಲ್ಲಿ ಇರುತ್ತೆ ದೋಷ. ಕನ್ನಡಕನಿಗೂ ಇದನ್ನೇ ಹೇಳಿದ್ದು ನಾನು."

ಕನ್ನಡಕ ಎಂದರೆ ಮಾವನ ಜೊತೆಯವನೇ ಒಬ್ಬ ಚುಕ್ಕಾಣಿಗಾರ. ಎರಡು ವರ್ಷದ ಹಿಂದೆ, ನಮ್ಮ ಕಚೇರಿಯೇ ಅಂಕಿ ಕೊಟ್ಟ ಇನ್ನೊಂದು ಹಡಗಿನಲ್ಲಿ, ಆಟೋಪೈಲಟ್ ಹೀಗೇ ತೂಗಾಡಿದಾಗ ಕೊನೇ ಗಳಿಗೆಯಲ್ಲಿ ಅವನ ಕೈಗೆ ಕೊಟ್ಟರು. ಅವನಿಗೆ ಹಿಡಿಯಲಾಗಲಿಲ್ಲ. ಹಡಗು ಬಂದರಿನ ತಡೆಗೋಡೆಗೆ ಮೈ ಉಜ್ಜಿಕೊಂಡಿತು. ಅವನ ನೀಲಿ ಪುಸ್ತಕದಲ್ಲಿ 'ಅಜಾಗರೂಕ' ಎಂದು ಬರೆದರು. ಅಲ್ಲಿಂದಾಚೆ ಯಾವ ಹಡಗೂ ಅವನನ್ನು ಹತ್ತಿಸಿಕೊಳ್ಳಲಿಲ್ಲ, ಬಂದರಿನ ಉಗ್ರಾಣದಲ್ಲಿ ಹಗ್ಗ ಸುತ್ತುತ್ತಾನೆ. ಕ್ಯಾಂಟೀನಿನಲ್ಲಿ ಎಲ್ಲರ ಎದುರು ಮಾವ ಅವನಿಗೆ ಮಂಗಳಾರತಿ ಎತ್ತಿದ್ದನ್ನು ನಾನೇ ಕಂಡಿದ್ದೆ. ಆ ಹಡಗಿನ ಕಂಪನಿಯವರು ಆಟೋಪೈಲಟ್ ಮೇಲೆ ದೂರು ಬರೆದಾಗ 'ನಿಮ್ಮ ಸಿಬ್ಬಂದಿಗೆ ತರಬೇತಿ ಕೊಡಿ' ಎಂದು ಉತ್ತರ ಹೋಯಿತು. ಅದಕ್ಕೆ ಸಹಿ ಹಾಕಿದವಳು ನಾನು.

ನಾನು ತಂತಿಗಳನ್ನೆಲ್ಲ ನೋಡಿದೆ, ದಿಕ್ಸೂಚಿ ನೋಡಿದೆ, ಎಡ ಬಲ ಅದಲುಬದಲಾಗಿದೆಯೇ ನೋಡಿದೆ. ಎಲ್ಲ ಸರಿ. ಹಾಗಿದ್ದರೆ ಹಡಗಿನ ಸ್ವಭಾವವೇ ತಪ್ಪಾಗಿ ಅಳತೆಯಾಗಿರಬೇಕು.

"ಆ ಪರೀಕ್ಷೆ ಇನ್ನೊಮ್ಮೆ ಮಾಡೋಣ ಸಾರ್. ಮಧ್ಯಕ್ಕೆ ತರೋ ಪರೀಕ್ಷೆ."

ಅದು ಸರಳ. ಚುಕ್ಕಾಣಿಯನ್ನು ಬಲಕ್ಕೆ ಹತ್ತು ಡಿಗ್ರಿ ಇಟ್ಟು ಹಡಗು ಒಂದೇ ವೇಗದಲ್ಲಿ ತಿರುಗುವವರೆಗೆ ಕಾಯುವುದು. ಆಮೇಲೆ ಚುಕ್ಕಾಣಿಯನ್ನು ಮಧ್ಯಕ್ಕೆ ತಂದು ಸುಮ್ಮನೆ ಬಿಡುವುದು. ತಿರುಗುವ ವೇಗ ತಾನಾಗಿ ಸತ್ತರೆ ಹಡಗು ಸಾಧು. ಎಷ್ಟು ಬೇಗ ಸಾಯುತ್ತದೋ ಅದೇ ಅದರ ತಡ. ಕಟ್ಟಿದ ಹೊಸದರಲ್ಲಿ, ಸರಕಿನ ಬದಲು ನೀರು ತುಂಬಿ ಇಷ್ಟೇ ಆಳಕ್ಕೆ ಇಳಿಸಿ, ಮಾವನ ಕೈಯಲ್ಲೇ ಈ ಪರೀಕ್ಷೆ ಮಾಡಿಸಿದ್ದೆವು. ಆಗ ಹಡಗಿನ ತಿರುಗುವ ವೇಗವನ್ನು ಮಾತ್ರ ಯಂತ್ರ ಬರೆದುಕೊಂಡಿತ್ತು. ಚುಕ್ಕಾಣಿ ಎಲ್ಲಿದೆ ಎಂಬುದನ್ನು ನಾವು ಅಳೆಯುತ್ತಿರಲಿಲ್ಲ. ಅಪ್ಪಣೆ ಪುಸ್ತಕದಲ್ಲಿ 'ಮಧ್ಯಕ್ಕೆ' ಎಂದು ಬರೆದಿದ್ದರೆ ಸೊನ್ನೆ ಎಂದು ತುಂಬುತ್ತಿದ್ದೆವು. ನಮ್ಮ ಕಚೇರಿಯಲ್ಲಿ ಮೊದಲಿನಿಂದ ಬಂದ ಪದ್ಧತಿ. ಹೇಳಿದ್ದು ಆಯಿತು ಅಂತಲೇ ಲೆಕ್ಕ. ಆಟೋಪೈಲಟ್ ಇದ್ದುದರಿಂದ ಈ ಸಲ ಮಾತ್ರ ಚುಕ್ಕಾಣಿಯ ನಿಜವಾದ ಕೋನವೂ ನನ್ನ ಪರದೆಗೆ ಬರುತ್ತಿತ್ತು.

"ಬಲಕ್ಕೆ ಹತ್ತು."

"ಬಲಕ್ಕೆ ಹತ್ತು ಸಾರ್."

ಹಡಗು ತಿರುಗಿತು, ಒಂದೇ ವೇಗಕ್ಕೆ ನಿಂತಿತು. ಎರಡು ನಿಮಿಷ.

"ಮಧ್ಯಕ್ಕೆ."

"ಮಧ್ಯಕ್ಕೆ ಸಾರ್."

ತಿರುಗುವ ವೇಗದ ಗೆರೆ ನುಣ್ಣಗೆ ಇಳಿಯತೊಡಗಿತು. ಅದೇ ಗೆರೆ, ನನ್ನ ನೂರು ಸೆಕೆಂಡಿನ ಗೆರೆ. ಹಾಗಾದರೆ ಹಡಗು ಸಾಧುವೇ. ಇನ್ನೇನು ತಪ್ಪು ಎಂದು ಕೆಳಗಿನ ಗೆರೆಗೆ ಕಣ್ಣು ಹಾಯಿಸಿದೆ. ಚುಕ್ಕಾಣಿ ಸೊನ್ನೆಯಲ್ಲಿರಲಿಲ್ಲ. ಎಡಕ್ಕೆ ನಾಲ್ಕು ಡಿಗ್ರಿ. ನೋಡುತ್ತಿದ್ದಂತೆ ಮೂರೂವರೆ. ಮೂರು. ತಿರುಗುವ ವೇಗ ಇಳಿದಂತೆ ಅದೂ ಅದರ ಬೆನ್ನಿಗೆ ಬಿದ್ದ ಹಾಗೆ ಇಳಿಯುತ್ತಿತ್ತು.

ತಲೆಯೆತ್ತಿ ಮಾವನ ಕೈ ನೋಡಿದೆ. ಅವನು ಕಿಟಕಿಯಾಚೆ ದಿಗಂತ ನೋಡುತ್ತಿದ್ದ. ಹೆಬ್ಬೆರಳು ಮಾತ್ರ ಚಕ್ರದ ಅಂಚನ್ನು ಕೂದಲೆಳೆಯಷ್ಟು ಜರುಗಿಸುತ್ತಿತ್ತು.

"ಮಾವ, ಮಧ್ಯಕ್ಕೆ ಅಂದ್ರಲ್ಲ ಅವರು."

"ಮಧ್ಯದಲ್ಲೇ ಇದೆಯಲ್ಲೇ."

"ಮೇಲೆ ನೋಡು."

ಚುಕ್ಕಾಣಿಯ ಕೋನ ತೋರಿಸುವ ಮುಳ್ಳು ಅವನ ತಲೆಯ ಮೇಲೆಯೇ ಇತ್ತು, ನಮ್ಮೆಲ್ಲರ ತಲೆಯ ಮೇಲೆಯೇ. ಪರೀಕ್ಷೆಯ ಹೊತ್ತಿನಲ್ಲಿ ಎಲ್ಲರ ಕಣ್ಣು ದಿಕ್ಸೂಚಿಯಲ್ಲಿ ನೆಟ್ಟಿರುತ್ತಿತ್ತು, ಅದನ್ನು ನೋಡಿದವರೇ ಇಲ್ಲ. ಮಾವ ನೋಡಿದ. ಮುಳ್ಳನ್ನು ನೋಡಿದ, ತನ್ನ ಕೈ ನೋಡಿದ, ಮತ್ತೆ ಮುಳ್ಳನ್ನು ನೋಡಿದ. ಯಾರದೋ ಕೈ ತನ್ನ ತೋಳಿಗೆ ಅಂಟಿಕೊಂಡಿದೆಯೇನೋ ಎಂಬಂತೆ ಅದನ್ನು ನೋಡುತ್ತಿದ್ದ.

"ನಾನು ಇಟ್ಟಿಲ್ಲ," ಎಂದ. ಸುಳ್ಳು ಹೇಳುವವನ ದನಿಯಲ್ಲ ಅದು.

ಕ್ಯಾಪ್ಟನ್ ತಾವೂ ತಲೆಯೆತ್ತಿ ಮುಳ್ಳು ನೋಡಿದರು. "ಇನ್ನೊಂದ್ಸಲ. ಯಜಮಾನ್ರೇ, ಮಧ್ಯಕ್ಕೆ ತಂದು ಕೈ ಬಿಟ್ಬಿಡಿ."

ಎರಡನೇ ಸಲವೂ ಆಗಲಿಲ್ಲ. ಹಡಗು ತಿರುಗುತ್ತಲೇ ಇದೆ ಎಂದು ಅರಿವಾದ ಕೂಡಲೇ ಅವನ ಕೈ ಚಕ್ರಕ್ಕೆ ಬಂತು. ಕರೆದವರಿಲ್ಲ, ತಾನಾಗಿ ಬಂತು. ಮೂರನೇ ಸಲ ಕ್ಯಾಪ್ಟನ್ ಎತ್ತರದ ಕುರ್ಚಿ ತೋರಿಸಿದರು. ಮೂವತ್ತನಾಲ್ಕು ವರ್ಷದಲ್ಲಿ ಬ್ರಿಜ್‌ನಲ್ಲಿ ಕೂತವನಲ್ಲ ಮಾವ. ಹೋಗಿ ಕೂತ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತ. ಚುಕ್ಕಾಣಿ ಸರಿಯಾಗಿ ಸೊನ್ನೆಯಲ್ಲಿತ್ತು. ಚಕ್ರದ ಹತ್ತಿರ ಯಾರೂ ಇರಲಿಲ್ಲ.

ತಿರುಗುವ ವೇಗ ಸ್ವಲ್ಪ ಇಳಿಯಿತು, ಆಮೇಲೆ ನಿಂತಿತು. ಸೊನ್ನೆಗೆ ಬರಲಿಲ್ಲ. ಸೆಕೆಂಡಿಗೆ ಕಾಲು ಡಿಗ್ರಿಗಿಂತ ಚೂರು ಹೆಚ್ಚು, ಅಲ್ಲೇ ಕಚ್ಚಿಕೊಂಡಿತು. ಕಿಟಕಿಯಿಂದ ಬಿದ್ದ ಬಿಸಿಲಿನ ಚೌಕ ನೆಲದ ಮೇಲೆ ಜಾರುತ್ತ ನನ್ನ ಚಪ್ಪಲಿ ದಾಟಿತು, ಮೇಟ್‌ನ ಬೂಟು ದಾಟಿತು, ಗೋಡೆ ಹತ್ತಿತು. ಒಂದು ನಿಮಿಷ, ಎರಡು, ಮೂರು. ನಾಲ್ಕು ನಿಮಿಷದಲ್ಲಿ ಎದುರಿಗಿದ್ದ ತೀರ ಪಕ್ಕಕ್ಕೆ ಹೋಗಿತ್ತು, ಹಡಗು ಇನ್ನೂ ತಿರುಗುತ್ತಿತ್ತು. ಎಡಕ್ಕೆ ತಿರುಗಿಸಿ ಬಿಟ್ಟರೆ ಎಡಕ್ಕೇ ತಿರುಗುತ್ತಿತ್ತು. ಈ ಹಡಗಿಗೆ ನೇರ ಎಂಬುದೇ ಇರಲಿಲ್ಲ.

ಸಾಧು ಪ್ರಾಣಿ ಅಂದಿದ್ದೆನಲ್ಲ, ನಾನು ಅಳೆದದ್ದು ಹಡಗನ್ನಲ್ಲ. ಹಡಗು ಮತ್ತು ಮಾವ, ಇಬ್ಬರನ್ನೂ ಒಟ್ಟಿಗೆ. ಒಂಟಿ ಹಡಗಿನ ತಡದ ಅಂಕಿ ಮೈನಸ್. ಅಂದರೆ ಸಣ್ಣ ತಿರುಗುವ ವೇಗ ತಾನಾಗಿ ಸಾಯುವ ಬದಲು ಆ ಕಾಲು ಡಿಗ್ರಿಯ ಮಟ್ಟ ಮುಟ್ಟುವವರೆಗೆ ಬೆಳೆಯುತ್ತದೆ. ಅದನ್ನು ಕೊಲ್ಲುತ್ತಿದ್ದುದು ಮಾವನ ಹೆಬ್ಬೆರಳು. ಅವನ ಲಗಾಮನ್ನು ನಾನು ಹಡಗಿನ ಗುಣ ಎಂದು ಬರೆದುಕೊಂಡೆ, ಆಮೇಲೆ ಅವನನ್ನು ಚಕ್ರದಿಂದ ಇಳಿಸಿದೆ. ಹಳೆಯ ಅಳತೆಗಳನ್ನೂ ಹೊಸವನ್ನೂ ಕೂಡಿಸಿ ಲೆಕ್ಕ ಹಾಕಿದರೆ ಉತ್ತರ ಮುಖಕ್ಕೆ ಹೊಡೆದ ಹಾಗಿತ್ತು. ಲಗಾಮು ಹತ್ತಕ್ಕಿಂತ ಕಡಿಮೆ ಇದ್ದರೆ, ದಿಕ್ಕು ತಪ್ಪಿದ್ದಕ್ಕೆ ಎಷ್ಟೇ ತಿದ್ದಿದರೂ, ಈ ಹಡಗು ನಿಲ್ಲುವುದಿಲ್ಲ. ನಾನು ಇಟ್ಟದ್ದು ಏಳು.

"ನಾನು ಹಡಗು ನೇರ ಹೋಗುತ್ತೆ ಅಂದ್ಕೊಂಡಿದ್ದೆ," ಎಂದ ಮಾವ, ಕುರ್ಚಿಯಲ್ಲೇ. "ಇಷ್ಟು ವರ್ಷ. ಅದು ನನ್ನ ಕೈ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ನಾನು ಲಗಾಮನ್ನು ಇಪ್ಪತ್ತೆರಡಕ್ಕೆ ಏರಿಸಿದೆ. ಮಧ್ಯಾಹ್ನದ ಹೊತ್ತಿಗೆ ಆಟೋಪೈಲಟ್‌ಗೆ ಮತ್ತೆ ಕೊಟ್ಟೆವು. ಹಡಗು ಬಲಕ್ಕೆ ಎರಡು ಡಿಗ್ರಿ ಜರುಗಿತು, ಮರಳಿತು, ಗುರಿಯನ್ನು ಒಂದಿಷ್ಟೇ ದಾಟಿ ನಿಂತಿತು. ಗುರಿ ಬರುವ ಎಷ್ಟೋ ಮೊದಲೇ ಚುಕ್ಕಾಣಿ ಎದುರು ದಿಕ್ಕಿಗೆ ಹೋಗುತ್ತಿತ್ತು. ಮಾವ ತಲೆಯ ಮೇಲಿನ ಮುಳ್ಳನ್ನೇ ನೋಡುತ್ತ ನಿಂತಿದ್ದ.

ಕ್ಯಾಪ್ಟನ್ ನನ್ನನ್ನು ನಕ್ಷೆಯ ಮೇಜಿನ ಹತ್ತಿರ ಕರೆದು ದನಿ ತಗ್ಗಿಸಿದರು. "ಮೇಡಂ, ಅಳತೆಯಲ್ಲಿ ಲೋಪ ಇತ್ತು, ಸರಿಪಡಿಸಿದ್ದೇವೆ ಅಂತ ಬರೀರಿ. ಸುಳ್ಳೇನಲ್ಲ. ಇವರ ಹೆಸರು ಬೇಡ. ಅಪ್ಪಣೆ ಮೀರಿ ಚಕ್ರ ಮುಟ್ಟಿದ್ರು ಅಂತ ಬಂದ್ರೆ ನಾನು ಪುಸ್ತಕದಲ್ಲಿ ಷರಾ ಹಾಕ್ಬೇಕಾಗುತ್ತೆ. ಹನ್ನೊಂದು ದಿನ ಇದೆ ಪಾಪ."

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೋದ ಜೀವ ಬಂದ ಹಾಗಾಯಿತು. ಮಾವನ ಪುಸ್ತಕ ಉಳಿಯಿತು. ಅದರ ನೆರಳಲ್ಲಿ ನನ್ನ ಮಾನವೂ ಉಳಿಯಿತು. ಪೆನ್ನು ತೆಗೆದು ಬರೆಯಲು ಕೂತೇಬಿಟ್ಟೆ.

"ಹುಡುಗಿ," ಎಂದ ಮಾವ ಹಿಂದಿನಿಂದ. ಕೇಳಿಸಿಕೊಂಡಿದ್ದ. "ಕನ್ನಡಕನ ಹಡಗಿನ ಪರೀಕ್ಷೆಗೂ ನಾನೇ ಹೋಗಿದ್ದೆ."

ನನ್ನ ಪೆನ್ನು ನಿಂತಿತು.

"ಅದಕ್ಕೂ, ಅದರ ಹಿಂದಿನ ಎರಡು ಹಡಗಿಗೂ. ಚಕ್ರ ಹಿಡಿದವನು ನಾನೇ. ಅದರಲ್ಲೂ ಚುಕ್ಕಾಣಿ ಎಲ್ಲಿದೆ ಅಂತ ನೀವು ಅಳೀಲಿಲ್ಲ ಅಲ್ವಾ?"

ಅಳೆದಿರಲಿಲ್ಲ. ಮೂರು ಹಡಗು, ಮೂರಕ್ಕೂ ಇದೇ ನುಣ್ಣನೆಯ ಗೆರೆ, ಮೂರಕ್ಕೂ ಆರೋ ಏಳೋ ಲಗಾಮು. ಆ ಹಡಗುಗಳು ಈಗ, ಈ ಹಾಳು ಮಧ್ಯಾಹ್ನದಲ್ಲಿ, ಎಲ್ಲೋ ನೀರಿನ ಮೇಲೆ ಇದ್ದವು. ಮಾವ ಹೇಳದಿದ್ದರೆ ನಾನು ಅವನ್ನು ನೆನೆಸಿಕೊಳ್ಳುತ್ತಿದ್ದೆನೋ, ಅಥವಾ ನೆನೆಸಿಕೊಳ್ಳದ ಹಾಗೆ ನೋಡಿಕೊಳ್ಳುತ್ತಿದ್ದೆನೋ, ಇವತ್ತಿಗೂ ಎದೆ ತಟ್ಟಿ ಹೇಳಲಾರೆ.

ಮಾವ ತನ್ನ ಚೀಲದಿಂದ ನೀಲಿ ಪುಸ್ತಕ ತಂದು ನಕ್ಷೆಯ ಮೇಲೆ ಇಟ್ಟ. ಮುಂದಿನ ಖಾಲಿ ಪುಟ ತೆರೆದಿದ್ದ.

"ಬರೀರಿ ಸಾರ್."

"ಯಜಮಾನ್ರೇ, ನೀವು ಬೇಕಂತ ಮಾಡಿಲ್ಲ."

"ಕನ್ನಡಕನೂ ಬೇಕಂತ ಮಾಡಿಲ್ಲ. ಎಲ್ಲರೆದುರಿಗೆ ನಾನು ಅವನಿಗೆ ಏನಂದೆ ಗೊತ್ತಾ? ಅದೇ ಹಡಗನ್ನ ನಾನು ನಡೆಸಿದ್ದೀನಿ, ದಾರದ ಹಾಗೆ ಹೋಗುತ್ತೆ, ನಿನ್ನ ಕೈಯಲ್ಲಿ ದೋಷ ಅಂದೆ. ತಲೆ ತಗ್ಗಿಸಿ ಕೇಳ್ದ. ಅವನೂ ನಂಬ್ಬಿಟ್ಟ." ಮಾವ ಪುಸ್ತಕವನ್ನು ಕ್ಯಾಪ್ಟನ್ ಕಡೆ ಸರಿಸಿದ. "ನನ್ನದರಲ್ಲಿ ಬರೆದ್ರೆ ತಾನೇ ಅವನದರಲ್ಲಿ ಹೊಡೆದುಹಾಕೋದು?"

ಕ್ಯಾಪ್ಟನ್ ನನ್ನ ಕಡೆ ನೋಡಿದರು. ನಾನು ಬರೆಯುತ್ತಿದ್ದ ಕಾಗದ ಹರಿದೆ. ಮೂರೂ ಹಡಗಿಗೆ ರೇಡಿಯೊ ಸಂದೇಶ ಬರೆದೆ: ಆಟೋಪೈಲಟ್ ಬಳಸಬೇಡಿ, ಕೈಯಿಂದಲೇ ನಡೆಸಿ, ನಿಮ್ಮ ಹಡಗು ಚುಕ್ಕಾಣಿ ಮಧ್ಯದಲ್ಲಿದ್ದರೂ ತಿರುಗುತ್ತಲೇ ಇರಬಹುದು, ಪರೀಕ್ಷೆಯ ದಾಖಲೆ ತಪ್ಪು. ಕಾರಣದ ಜಾಗದಲ್ಲಿ ಮೊದಲು ನನ್ನ ಹೆಸರು ಹಾಕಿದೆ, ಅಳೆಯದೆ ಸೊನ್ನೆ ತುಂಬಿದವಳು ಎಂದು. ಅದರ ಕೆಳಗೆ ಮಾವನ ಹೆಸರು. ಅಮ್ಮನಿಗೆ ಏನು ಹೇಳುವುದು ಎಂಬ ಯೋಚನೆ ಆಗಲೇ ಬಂತು, ಎಷ್ಟು ಅಲ್ಪಳು ನೋಡಿ ನಾನು.

ಕ್ಯಾಪ್ಟನ್ ಷರಾ ಬರೆದರು. ಪರೀಕ್ಷೆಯ ವೇಳೆ ಅಪ್ಪಣೆಯಿಲ್ಲದೆ ಚಕ್ರ ಮುಟ್ಟಿದ್ದಾರೆ, ತಾವಾಗಿ ಒಪ್ಪಿಕೊಂಡಿದ್ದಾರೆ. ಅಷ್ಟೇ. ಮಾವ ಪುಸ್ತಕವನ್ನು ದೂರ ಹಿಡಿದು ಎರಡು ಸಲ ಓದಿದ, ಮುಚ್ಚಿ ಜೇಬಿಗಿಟ್ಟ.

ಮೂರು ಹಡಗುಗಳಲ್ಲಿ ಎರಡರಿಂದ ಉತ್ತರ ಬಂತು. ಮೂರನೆಯದರಿಂದ, ಸಂಜೆ ನಾವು ಬಂದರಿನ ಬಾಯಿಗೆ ಬಂದು ಮಾವ ಮತ್ತೆ ಚಕ್ರ ಹಿಡಿದಾಗಲೂ, ಬಂದಿರಲಿಲ್ಲ. ರೇಡಿಯೊದ ಮುಂದೆ ಮೇಟ್ ಅದೇ ಕರೆ ಕರೆಯುತ್ತಲೇ ಇದ್ದ. ತಡೆಗೋಡೆಯ ಪಕ್ಕ ಹಾಯುವಾಗ ಉಗ್ರಾಣದ ಮಾಡು ಕಾಣಿಸಿತು. ಕಡೆಗೂ ರೇಡಿಯೊ ಗುರುಗುಟ್ಟಿತು. ಸಂದೇಶ ಸಿಕ್ಕಿದೆ, ಕೈಗೆ ತೆಗೆದುಕೊಂಡಿದ್ದೇವೆ ಎಂದಿತು ಆ ಕಡೆಯ ದನಿ.

ಮಾವ ಉಸಿರು ಬಿಟ್ಟ. ಕಣ್ಣು ದಿಗಂತದ ಮೇಲೇ ಇತ್ತು, ಹೆಬ್ಬೆರಳು ಚಕ್ರದ ಅಂಚಿನಲ್ಲಿ ತನ್ನ ಪಾಡಿಗೆ ಆಡುತ್ತಿತ್ತು.

"ಇಳಿದ ಕೂಡ್ಲೇ ಉಗ್ರಾಣಕ್ಕೆ ಹೋಗ್ಬೇಕು," ಎಂದ. "ನೀನೂ ಬಾರೇ. ಅವನ ಮುಖ ನೋಡೋಕೆ ನನಗೊಬ್ಬನಿಗೆ ಧೈರ್ಯ ಸಾಲದು."